ಆಧಾರ್ ಲಿಂಕ್ ಆದರೂ ಪ್ಯಾನ್ ನಿಷ್ಕ್ರಿಯ

"ಸಾವಿರ ರೂಪಾಯಿ ಕಟ್ಟಿ ಆಧಾರ್ ಲಿಂಕ್ ಮಾಡಿದ್ದೇನೆ. ರಿಟರ್ನ್ ತುಂಬುವಾಗ ಪ್ಯಾನ್ ನಿಷ್ಕ್ರಿಯ ಅಂತಲೇ ಬರುತ್ತಿದೆ. ಏನು ಮಾಡಲಿ?"

ಬಹುಶಃ ದಂಡ ಕಟ್ಟಿದ್ದೀರಿ, ಲಿಂಕ್ ಕೋರಿಕೆ ಸಲ್ಲಿಸಿಲ್ಲ. ಇವೆರಡೂ ಬೇರೆ ಬೇರೆ ಕೆಲಸ, ತುಂಬಾ ಜನ ಇಲ್ಲೇ ನಿಂತುಬಿಡುತ್ತಾರೆ.

ಮೊದಲು ಇ-ಫೈಲಿಂಗ್ ಪೋರ್ಟಲ್‌ನ ಮುಖಪುಟದಲ್ಲಿ Link Aadhaar Status ಒತ್ತಿ ನೋಡಿ. ಲಿಂಕ್ ಆಗಿಲ್ಲ ಅಂತ ಬಂದರೆ ಪಕ್ಕದ Link Aadhaar ಒತ್ತಿ, ಪ್ಯಾನ್, ಆಧಾರ್ ಸಂಖ್ಯೆ ಹಾಕಿ, ಒಟಿಪಿ ಕೊಟ್ಟು ಕೋರಿಕೆ ಸಲ್ಲಿಸಿ. ಕಟ್ಟಿದ ಹಣ ಕಾಣದಿದ್ದರೆ ಮತ್ತೆ ಕಟ್ಟಬೇಡಿ. ನಾಲ್ಕೈದು ದಿನ ಬಿಟ್ಟು ನೋಡಿ. ಹೆಸರು ಅಥವಾ ಹುಟ್ಟಿದ ದಿನಾಂಕ ಹೊಂದದೆ ತಿರಸ್ಕಾರವಾದರೆ, ತಪ್ಪಿರುವ ಕಾರ್ಡನ್ನು ಮೊದಲು ತಿದ್ದಿಸಿ.

ಈಗಾಗಲೇ ಲಿಂಕ್ ಆಗಿದೆ ಅಂತ ಬಂದರೆ ಕಾಯುವುದಷ್ಟೇ. ಪ್ಯಾನ್ ಸಕ್ರಿಯವಾಗಲು 30 ದಿನದವರೆಗೂ ಹಿಡಿಯಬಹುದು. ಕೊನೆಯ ದಿನ ಹತ್ತಿರವಿದ್ದರೆ ರಿಟರ್ನ್ ಈಗಲೇ ಸಲ್ಲಿಸಿ, ನಿಷ್ಕ್ರಿಯ ಪ್ಯಾನ್ ಅದನ್ನು ತಡೆಯುವುದಿಲ್ಲ. ರೀಫಂಡ್ ಮಾತ್ರ ಪ್ಯಾನ್ ಸಕ್ರಿಯವಾಗುವ ತನಕ ಬರುವುದಿಲ್ಲ.