ಶುಗರ್ ಫ್ರೀ ಚೂಯಿಂಗ್ ಗಮ್‌ನಿಂದ ಲೂಸ್ ಮೋಷನ್ ಆಗತ್ತಾ?

"ಸಿಗರೇಟ್ ಬಿಡೋಕೆ ಅಂತ ದಿನಕ್ಕೆ 12 ಶುಗರ್ ಫ್ರೀ ಗಮ್ ಅಗೀತಾ ಇದೀನಿ. ಆವಾಗಿಂದ ಹೊಟ್ಟೆ ಉಬ್ಬರ, ಗುಡುಗುಡು, ಬೆಳಗ್ಗೆ ಮೂರ್ನಾಲ್ಕು ಸಲ ಲೂಸ್ ಮೋಷನ್. ಗಮ್‌ಗೂ ಇದಕ್ಕೂ ಸಂಬಂಧ ಇದ್ಯಾ?"

ಇರೋ ಸಾಧ್ಯತೆ ತುಂಬಾ ಜಾಸ್ತಿ. ನಾನು ಡಯಟಿಷಿಯನ್, ಹೊಟ್ಟೆ ಕೆಟ್ಟಿದೆ ಅಂತ ಬರೋರು ಏನೇನ್ ತಿಂದ್ರಿ ಅಂದ್ರೆ ಅನ್ನ ಸಾರು ಚಪಾತಿ ಎಲ್ಲಾ ಹೇಳ್ತಾರೆ, ಗಮ್ ಮಾತ್ರ ಹೇಳಲ್ಲ, ಯಾಕಂದ್ರೆ ಅದನ್ನ ನುಂಗಲ್ಲ ಉಗೀತೀವಲ್ಲ ಅಂತ. ಆದ್ರೆ ಅದರಲ್ಲಿರೋ ಸಿಹಿ ಪೂರ್ತಿ ಎಂಜಲಲ್ಲಿ ಕರಗಿ ಹೊಟ್ಟೆಗೇ ಹೋಗತ್ತೆ.

ಆ ಸಿಹಿ ಬಹಳ ಸಲ ಸಾರ್ಬಿಟಾಲ್. ಸಣ್ಣ ಕರುಳು ಸಕ್ಕರೇನ ಬೇಗ ಎಳ್ಕೊಳತ್ತೆ, ಇದನ್ನ ನಿಧಾನಕ್ಕೆ, ಅದೂ ಸ್ವಲ್ಪ ಮಾತ್ರ. ಉಳಿದಿದ್ದು ಉಪ್ಪು ಹಚ್ಚಿದ ಸೌತೆಕಾಯಿ ನೀರು ಬಿಡೋ ಥರ ಕರುಳಿನೊಳಗೆ ನೀರು ಎಳೆಯತ್ತೆ, ಅದೇ ಲೂಸ್ ಮೋಷನ್. ದೊಡ್ಡ ಕರುಳಿಗೆ ಬಂದ್ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ಹುದುಗಿಸಿ ಗ್ಯಾಸ್ ಮಾಡ್ತವೆ, ಉಬ್ಬರ ಗುಡುಗುಡು ಅದರಿಂದ. ಕ್ಸೈಲಿಟಾಲ್, ಮಾಲ್ಟಿಟಾಲ್ ಕೂಡ ಹೀಗೇ, ಎರಿಥ್ರಿಟಾಲ್ ಮಾತ್ರ ಹೆಚ್ಚು ಭಾಗ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೋಗೋದ್ರಿಂದ ಕಾಟ ಕಮ್ಮಿ.

2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರ್ಲಿನ್‌ನ ಡಾಕ್ಟರ್‌ಗಳು ಬರೆದಿದ್ರು, 21 ವರ್ಷದ ಹುಡುಗಿಗೆ ತಿಂಗಳುಗಟ್ಟಲೆ ಭೇದಿ, 11 ಕೆಜಿ ಇಳಿದುಬಿಟ್ಟಿದ್ಲು, ಟೆಸ್ಟ್ ಮೇಲೆ ಟೆಸ್ಟ್ ಮಾಡಿದ್ರೂ ಕಾರಣ ಸಿಕ್ಕಿರ್ಲಿಲ್ಲ. ಕೊನೆಗೆ ಊಟದ ವಿಚಾರ ವಿವರವಾಗಿ ಕೇಳಿದಾಗ ಗೊತ್ತಾಯ್ತು, ದಿನಾ ಗಮ್‌ನಿಂದಲೇ 18ರಿಂದ 20 ಗ್ರಾಂ ಸಾರ್ಬಿಟಾಲ್ ಹೋಗ್ತಿತ್ತು. ಬಿಟ್ಟ ಮೇಲೆ ಭೇದಿ ನಿಂತು ತೂಕ ಮತ್ತೆ ಏರ್ತು. ಆ ಗಮ್ ಒಂದೊಂದರಲ್ಲಿ ಸುಮಾರು 1.25 ಗ್ರಾಂ ಇತ್ತು, ಅದೇ ಲೆಕ್ಕದಲ್ಲಿ ನಿಮ್ಮ 12ಕ್ಕೆ 15 ಗ್ರಾಂ. ಬಹಳ ಜನಕ್ಕೆ 10 ಗ್ರಾಂಗೇ ಉಬ್ಬರ ಶುರುವಾಗತ್ತೆ.

ಪ್ಯಾಕೆಟ್ ಹಿಂದೆ ನೋಡಿ, ಹೆಸರು ಇಲ್ದಿದ್ರೂ ನಂಬರ್ ಇರತ್ತೆ: 420 ಸಾರ್ಬಿಟಾಲ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್. ಒಂದು ವಾರ ಗಮ್, ಶುಗರ್ ಫ್ರೀ ಚಾಕಲೇಟ್, ಮಿಂಟ್ ಎಲ್ಲಾ ಪೂರ್ತಿ ನಿಲ್ಲಿಸಿ, ಊಟದಲ್ಲಿ ಬೇರೆ ಏನೂ ಬದಲಾಯಿಸ್ಬೇಡಿ, ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಕೆಮ್ಮಿನ ಸಿರಪ್ ಕುಡೀತಿದ್ರೆ ಅದರ ಲೇಬಲ್ಲೂ ನೋಡಿ, ಅದರಲ್ಲೂ ಸಾರ್ಬಿಟಾಲ್ ಇರಬಹುದು. ಗಮ್ಮೇ ಕಾರಣ ಆಗಿದ್ರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲೇ ವ್ಯತ್ಯಾಸ ಕಾಣತ್ತೆ. ಆಮೇಲೆ ದಿನಕ್ಕೆ ಎರಡು ಮೂರು ಅಗಿದು ನೋಡಿ, ಅಷ್ಟು ತಡ್ಕೊಳತ್ತೆ ಬಹಳ ಜನಕ್ಕೆ, ಈ ಮಿತಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೋಸ್ಕರ ವಾಪಸ್ ಸಿಗರೇಟ್‌ಗೆ ಹೋಗ್ಬೇಡಿ ದಯವಿಟ್ಟು, ಬಾಯಿಗೆ ಸೋಂಪು, ಏಲಕ್ಕಿ ಹಾಕ್ಕೊಳ್ಳಿ.

ವಾರ ಆದ್ರೂ ನಿಲ್ದಿದ್ರೆ, ಅಥವಾ ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯೋದು, ರಾತ್ರಿ ನಿದ್ದೆಯಿಂದ ಎದ್ದು ಓಡೋದು ಇದ್ರೆ ಈ ಪ್ರಯೋಗ ಬಿಟ್ಟು ಡಾಕ್ಟರ್‌ಗೆ ತೋರಿಸಿ, ಎಷ್ಟು ಗಮ್ ಅಗೀತೀರಿ ಅಂತ ಅವರು ಕೇಳ್ದಿದ್ರೂ ನೀವೇ ಹೇಳಿ.