ಮೇಲಿನವರನ್ನು ಬದಲಿಸಿ ಎಂದು ಎಚ್‌ಆರ್‌ಗೆ ಬರೆಯುವಾಗ

ಪ್ರಶ್ನೆ: ದಾವಣಗೆರೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕ್ಕರ್ ಆಗಿದ್ದೇನೆ. ನನ್ನ ಮೇಲಿರುವವರು ಪ್ರೊಡಕ್ಷನ್ ಇನ್‌ಚಾರ್ಜ್. ಪೀಸ್ ವಾಪಸ್ ಕಳಿಸಿದಾಗಲೆಲ್ಲ ಲೈನಿನಲ್ಲಿ ಎಲ್ಲರೆದುರು ಬೈತಾರೆ. ಬೇರೆಯವರ ಕೈಕೆಳಗೆ ಹಾಕಿ ಎಂದು ಎಚ್‌ಆರ್‌ಗೆ ಹೇಗೆ ಬರೆಯಲಿ? ಕೆಲಸ ಹೋದೀತೆಂಬ ಭಯವಿದೆ.

ಉತ್ತರ: ಗಂಟೆಗೆ ಇಷ್ಟು ಪೀಸ್ ಹೊರಬೀಳಬೇಕೆಂಬ ಟಾರ್ಗೆಟ್ ಅವರ ತಲೆ ಮೇಲಿದೆ. ನೀವು ಆಲ್ಟರ್‌ಗೆ ಕಳಿಸಿದ ಪ್ರತಿ ಪೀಸೂ ಅವರ ಲೆಕ್ಕವನ್ನು ಹಿಂದೆ ಹಾಕುತ್ತದೆ. ತಪ್ಪು ಹಿಡಿಯುವವರು ಅವರಿಗೇ ವರದಿ ಮಾಡುವ ಏರ್ಪಾಡು ಇರುವತನಕ ಆ ಕುರ್ಚಿಗೆ ಯಾರು ಬಂದರೂ ತಿಕ್ಕಾಟ ತಪ್ಪದು. ಪತ್ರವನ್ನು ಈ ಕಾರಣದ ಮೇಲೆ ನಿಲ್ಲಿಸಿ. ‘ಅವರ ಸ್ವಭಾವ ಸರಿಯಿಲ್ಲ’ ಎಂದು ಬರೆದರೆ ಇಬ್ಬರನ್ನೂ ಕೂರಿಸಿ, ರಾಜಿ ಮಾಡಿಸಿ, ಫೈಲು ಮುಚ್ಚುತ್ತಾರೆ.

ಒಂದು ಪುಟ ಸಾಕು. ಮೂರು ಘಟನೆ ಆರಿಸಿಕೊಂಡು ಹೀಗೆ ಬರೆಯಿರಿ: ‘ಜೂನ್ 10, ಮಧ್ಯಾಹ್ನ 3 ಗಂಟೆ, 4ನೇ ಲೈನು. ಸೈಡ್ ಹೊಲಿಗೆ ಬಿಟ್ಟಿದ್ದ 18 ಪೀಸ್ ಆಲ್ಟರ್‌ಗೆ ಕಳಿಸಿದೆ. ಹಾಗೆಯೇ ಪಾಸ್ ಮಾಡು ಎಂದು ಇನ್‌ಚಾರ್ಜ್ ಹೇಳಿದರು. ಒಪ್ಪದಿದ್ದಾಗ, ನಾಳೆಯಿಂದ ಬರಬೇಡ ಎಂದು ಲೈನಿನವರೆದುರು ಕೂಗಿದರು.’ ಅವರಾಡಿದ ಮಾತನ್ನು ಇದ್ದಂತೆಯೇ ಬರೆಯಿರಿ. ‘ದಬ್ಬಾಳಿಕೆ’, ‘ಅಹಂಕಾರ’ ಎಂಬಂಥ ಪದ ಬೇಡ. ಸಂಖ್ಯೆಗಳು ನಿಮ್ಮ ದಿನದ ಚೆಕ್ಕಿಂಗ್ ಶೀಟಿಗೆ ತಾಳೆಯಾಗಬೇಕು, ಎಚ್‌ಆರ್‌ನವರು ಮೊದಲು ತೆಗೆದು ನೋಡುವುದು ಅದನ್ನೇ. ಶೀಟನ್ನು ಮನೆಗೆ ಒಯ್ಯಬೇಡಿ, ಅದೇ ನಿಮ್ಮ ಮೇಲೆ ತಪ್ಪಾಗಿ ತಿರುಗುತ್ತದೆ. ದಿನಾಂಕ, ಲೈನು, ಸಂಖ್ಯೆಯನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರಾಯಿತು.

ಬೇಡಿಕೆ ಹೇಳುವಲ್ಲೇ ಹೆಚ್ಚಿನವರು ಎಡವುತ್ತಾರೆ. ‘ನ್ಯಾಯ ಕೊಡಿಸಿ’ ಎಂದರೆ ಎಚ್‌ಆರ್‌ಗೆ ಮಾಡಲು ಏನೂ ಸಿಗುವುದಿಲ್ಲ. ‘ಇದೇ ಲೈನು, ಇದೇ ಶಿಫ್ಟು, ಇದೇ ಸಂಬಳದಲ್ಲಿ ಇನ್ನು ಮುಂದೆ ಕ್ವಾಲಿಟಿ ಮ್ಯಾನೇಜರ್‌ಗೆ ವರದಿ ಮಾಡಲು ಅನುಮತಿ ಕೊಡಿ’ ಎಂದು ಕೇಳಿ. ರಜೆ, ಓಟಿ, ವಾರ್ಷಿಕ ಮೌಲ್ಯಮಾಪನ, ಈ ಮೂರಕ್ಕೂ ಸಹಿ ಅವರದೇ ಇರಲಿ ಎಂದು ಬಿಡಿಸಿ ಬರೆಯಿರಿ. ಕಾಗದದ ಮೇಲೆ ಮ್ಯಾನೇಜರ್ ಬದಲಾಗಿ ರಜೆಯ ಸಹಿ ಹಳೆಯವರ ಕೈಯಲ್ಲೇ ಉಳಿದರೆ ಕಷ್ಟ ಮೊದಲಿಗಿಂತ ಹೆಚ್ಚು.

‘ಇಲ್ಲದಿದ್ದರೆ ಕೆಲಸ ಬಿಡುತ್ತೇನೆ’ ಎಂಬ ಸಾಲು ಮಾತ್ರ ಖಂಡಿತ ಬೇಡ. ಅದನ್ನೇ ರಾಜೀನಾಮೆ ಎಂದು ಹಿಡಿದುಕೊಂಡಾರು.

ಬೈಗುಳದಲ್ಲಿ ಲೈಂಗಿಕ ಮಾತು, ಮೈ ಮುಟ್ಟುವುದು ಸೇರಿದ್ದರೆ ಈ ಪತ್ರ ಸಾಲದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಅಲ್ಲಿ ಲಿಖಿತ ದೂರು ಕೊಡಿ.

ಪತ್ರ ಎರಡು ಪ್ರತಿ ಮಾಡಿ. ಲೈನಿನಲ್ಲಿ ಯಾರ ಕೈಗೂ ಕೊಡದೆ ನೀವೇ ಎಚ್‌ಆರ್ ಮೇಜಿಗೆ ಒಯ್ದು, ನಿಮ್ಮ ಪ್ರತಿಯ ಮೇಲೆ ದಿನಾಂಕದೊಂದಿಗೆ ಸಹಿ ಪಡೆಯಿರಿ. ಸಹಿ ಹಾಕಲು ಹಿಂದೇಟು ಹಾಕಿದರೆ ಅದೇ ದಿನ ಸಂಜೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.