ಡೈನಿಂಗ್ ಟೇಬಲ್ ಪಕ್ಕಾ ಸಾಗುವಾನಿನಾ? ಅಂಚು ನೋಡಿ, ಅಡಿಗೆ ಬಗ್ಗಿ ನೋಡಿ

ಪ್ರಶ್ನೆ: ಆರು ಜನ ಕೂರೋ ಡೈನಿಂಗ್ ಟೇಬಲ್ ನೋಡಿದೀವಿ ಸರ್. ಅಂಗಡಿಯವ್ರು ಪಕ್ಕಾ ಸಾಗುವಾನಿ ಅಂತಾರೆ, ನಮ್ಮನೆಯವ್ರಿಗೆ ಡೌಟು. ಮೇಲಿಂದ ತೇಗದ ಥರಾನೇ ಕಾಣುತ್ತೆ. ಹೆಂಗೆ ಕಂಡುಹಿಡಿಯೋದು?

ಉತ್ತರ: ಮೇಲಿಂದ ಬರೀ ಕಣ್ಣಲ್ಲಿ ನೋಡಿ ಹೇಳೋದು ನನಗೂ ಕಷ್ಟ ಮೇಡಂ, ಯಾಕಂದ್ರೆ ಟೀಕ್ ವಿನಿಯರ್ ಅಂದ್ರೂ ಅದು ನಿಜವಾದ ತೇಗಾನೇ, ಅರ್ಧ ಮಿಲಿಮೀಟರ್ ಆಸುಪಾಸು ದಪ್ಪಕ್ಕೆ ಹಾಳೆ ಥರ ಸೀಳಿ ಪ್ಲೈವುಡ್ ಅಥವಾ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಬೋರ್ಡ್ ಮೇಲೆ ಅಂಟಿಸಿರ್ತಾರೆ. ಲ್ಯಾಮಿನೇಟ್ ಹಂಗಲ್ಲ, ಅದು ಮರದ ಚಿತ್ರ ಪ್ರಿಂಟ್ ಮಾಡಿರೋ ಕಾಗದ. ಎತ್ತಿ ನೋಡಿ ಭಾರ ಇದ್ರೆ ತೇಗ ಅನ್ನೋ ಮಾತು ನಂಬ್ಬೇಡಿ, ಎಂಡಿಎಫ್ ತೇಗಕ್ಕಿಂತ ಭಾರ ಇರೋದೇ ಜಾಸ್ತಿ.

ನೋಡ್ಬೇಕಾಗಿರೋದು ಅಂಚು. ಮರದ ಗೆರೆ ಉದ್ದಕ್ಕೆ ಹೋಗಿ ಮುಗಿಯುತ್ತಲ್ಲ, ಆ ಅಗಲದ ಕಡೆ ಮೊಬೈಲ್ ಟಾರ್ಚ್ ಹಾಕಿ. ಗಟ್ಟಿ ಮರ ಆದ್ರೆ ಅಲ್ಲಿ ಉದ್ದ ಗೆರೆ ಇರಲ್ಲ, ಬಿಲ್ಲಿನ ಥರ ಬಾಗಿದ ಉಂಗುರಗಳು, ಅದ್ರಗುಂಟ ಸೂಜಿಯಲ್ಲಿ ಚುಚ್ಚಿದಂಗೆ ಸಣ್ಣ ತೂತುಗಳು ಕಾಣ್ತವೆ. ಅಲ್ಲೂ ಉದ್ದಕ್ಕೆ ಗೆರೆ ಓಡ್ತಿದ್ರೆ ಪಟ್ಟಿ ಅಂಟಿಸಿದಾರೆ ಅಂತಾನೇ ಅನುಮಾನ ಪಡಿ. ಆಮೇಲೆ ಟೇಬಲ್ ಅಡಿಗೆ ಬಗ್ಗಿ ನೋಡಿ. ಮೇಲೆ ಹಲಗೆ ಹಲಗೆ ಜೋಡಿಸಿದ ಜಾಯಿಂಟ್ ಎಲ್ಲಿದೆಯೋ ಅಡಿಯಲ್ಲೂ ಅದೇ ಜಾಗದಲ್ಲಿ ಇರ್ಬೇಕು. ಪಾಲಿಶ್ ತಾಗದ ಸ್ಕ್ರೂ ತೂತಲ್ಲಿ ಕಂದು ಪುಡಿ ಬಂದ್ರೆ, ಮೂಸಿದಾಗ ಚರ್ಮದ ಥರ ಎಣ್ಣೆ ವಾಸನೆ ಇದ್ರೆ ಒಳ್ಳೇದು. ಬೆಳ್ಳಗೆ ಕಂಡ್ರೆ ಅದು ತೇಗಾನೇ ಆದ್ರೂ ಕೆಚ್ಚಲ್ಲ, ಹೊರಗಿನ ಬಿಳಿ ಭಾಗ, ಬಣ್ಣ ಹೊಡೆದು ಮುಚ್ಚಿರ್ತಾರೆ, ಹುಳ ಹತ್ತೋದು ಅದಕ್ಕೇ.

ನಮ್ಮ ವರ್ಕ್‌ಶಾಪಿಗೆ ಒಂದು ಟೇಬಲ್ ರಿಪೇರಿಗೆ ಬಂದಿತ್ತು. ಕಾಲು ನಾಲ್ಕೂ ಅಪ್ಪಟ ತೇಗ, ಟಾಪ್ ಮಾತ್ರ ಎಂಡಿಎಫ್ ಮೇಲೆ ವಿನಿಯರ್. ದಿನಾ ನೀರಿನ ಜಗ್ ಇಡೋ ಮೂಲೆಯಲ್ಲಿ ಅಂಚು ನೆನೆದ ಬಿಸ್ಕೆಟ್ ಥರ ಉಬ್ಬಿ ವಿನಿಯರ್ ಎದ್ದು ಬಂದಿತ್ತು, ಉಬ್ಬಿದ ಎಂಡಿಎಫ್ ಒಣಗಿದ್ರೂ ಮೊದಲಿನಂಗೆ ಆಗಲ್ಲ, ಹಂಗಾಗಿ ಇಡೀ ಟಾಪ್ ಬದಲಾಯಿಸ್ಬೇಕಾಯ್ತು. ಅದಕ್ಕೇ ಕಾಲು ತೋರಿಸಿ ಟೀಕ್ ಅಂದ್ರೆ ಸುಮ್ನಾಗ್ಬೇಡಿ.

ಗಟ್ಟಿ ತೇಗದ ಟಾಪಿಗೆ ಕಲೆ, ಗೀರು ಬಿದ್ರೆ ಕೀಸುಳಿ ಹೊಡೆದು ಮತ್ತೆ ಪಾಲಿಶ್ ಮಾಡ್ಬಹುದು, ಒಂದು ತಲೆಮಾರು ಆರಾಮಾಗಿ ಬರುತ್ತೆ. ವಿನಿಯರ್‌ನ ಜೋರಾಗಿ ಉಜ್ಜಿದ್ರೆ ಒಳಗಿನ ಬೋರ್ಡ್ ಕಾಣುತ್ತೆ. ಗೀರಿಗೆ, ಬಿಸಿಗೆ ಲ್ಯಾಮಿನೇಟ್ ವಿನಿಯರ್‌ಗಿಂತ ಗಟ್ಟಿ, ಆದ್ರೆ ಅಂಚಿನ ಪಟ್ಟಿ ಬಿಟ್ಕೊಂಡು ನೀರಿಳಿದ್ರೆ ಕಷ್ಟ, ಒಳಗೆ ಪಾರ್ಟಿಕಲ್ ಬೋರ್ಡ್ ಇದ್ರಂತೂ ಸ್ಕ್ರೂ ಕೂಡ ಹಿಡಿತ ಬಿಡುತ್ತೆ. ಹಂಗಂತ ವಿನಿಯರ್ ಎಲ್ಲಾ ಕಡೆ ಕೆಟ್ಟದ್ದಲ್ಲ, ವಾರ್ಡ್‌ರೋಬಿನ ಅಗಲವಾದ ಬಾಗಿಲಿಗೆ ಒಳ್ಳೆ ಪ್ಲೈವುಡ್ ಮೇಲೆ ವಿನಿಯರ್ ನಾನೇ ಹಾಕ್ಸ್ತೀನಿ, ಅಷ್ಟಗಲ ಗಟ್ಟಿ ಮರ ಸೊಟ್ಟಗಾಗೋ ಚಾನ್ಸ್ ಜಾಸ್ತಿ.

ರೇಟ್ ಸರಿನಾ ನೋಡೋಕೆ ಒಂದು ಲೆಕ್ಕ. 5 ಅಡಿ ಉದ್ದ, 3 ಅಡಿ ಅಗಲ, 1 ಇಂಚು ದಪ್ಪದ ಟಾಪಿಗೇ 1.25 ಘನ ಅಡಿ ಮರ ಬೇಕು, ಕಾಲು, ಫ್ರೇಮು, ವೇಸ್ಟು ಸೇರಿ ಹತ್ತಿರ ಹತ್ತಿರ 3 ಘನ ಅಡಿ. ನಿಮ್ಮೂರ ಟಿಂಬರ್ ಡಿಪೋಲಿ ಸೈಜ್ ಮಾಡಿರೋ ತೇಗ ಒಂದು ಘನ ಅಡಿಗೆ ಏನು ರೇಟ್ ಅಂತ ಕೇಳಿ 3ರಿಂದ ಗುಣಿಸಿ, ಕುರ್ಚಿ ಬಿಟ್ಟು ಬರೀ ಟೇಬಲ್ ಅದಕ್ಕಿಂತ ಕಮ್ಮಿಗೆ ಸಿಗ್ತಿದ್ರೆ ಅದು ಪೂರ್ತಿ ತೇಗ ಇರಲ್ಲ. ಬಿಲ್ಲಲ್ಲಿ ‘ಟೀಕ್ ಫಿನಿಶ್’ ಅಂತಿದ್ರೆ ಒಪ್ಕೋಬೇಡಿ, ಅದು ಬಣ್ಣದ ಮಾತು ಅಷ್ಟೇ, ‘ಟಾಪ್ ಸಮೇತ ಸಾಲಿಡ್ ಟೀಕ್’ ಅಂತ ಬರೆಸ್ಕೊಂಡೇ ಅಡ್ವಾನ್ಸ್ ಕೊಡಿ.